ಹತ್ತು ದಿನದಲ್ಲಿ ಕೊಟ್ಟರೆ ಎರಡು ಪರ್ಸೆಂಟ್ ಸಿಡಿ: ವರ್ಷದ ಲೆಕ್ಕದಲ್ಲಿ ಇದರ ನಿಜವಾದ ಬೆಲೆ ಎಷ್ಟು? (ಪದೇ ಪದೇ ಕೇಳುವ ಪ್ರಶ್ನೆಗಳು)

ಪೈಪು, ಪಂಪು, ಪೇಂಟು, ಟೈಲ್ಸ್, ನೂಲು, ಬಿಡಿಭಾಗ, ಯಾವುದೇ ಸರಕನ್ನು ಸಾಲದ ಮೇಲೆ ತರುವವರಿಗೆ ಕ್ಯಾಶ್ ಡಿಸ್ಕೌಂಟ್ ಹೊಸದಲ್ಲ. ಮಾರುಕಟ್ಟೆಯಲ್ಲಿ ಎಲ್ಲರೂ ಸಿಡಿ ಎಂದೇ ಕರೆಯುತ್ತಾರೆ. ಆದರೂ ಅದನ್ನು ತೆಗೆದುಕೊಳ್ಳಬೇಕೋ ಬಿಡಬೇಕೋ ಎಂಬ ನಿರ್ಧಾರ ಹೆಚ್ಚಿನ ಅಂಗಡಿಗಳಲ್ಲಿ ಲೆಕ್ಕದಿಂದ ಆಗುವುದಿಲ್ಲ, ಆ ದಿನ ಖಾತೆಯಲ್ಲಿ ದುಡ್ಡಿದೆಯೋ ಇಲ್ಲವೋ ಎಂಬುದರ ಮೇಲೆ ಆಗುತ್ತದೆ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವ ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲ ಭಾಗ ಕೊಳ್ಳುವವರಿಗೆ, ಕೊನೆಯ ಭಾಗ ಮಾರುವವರಿಗೆ.

ಬಿಲ್ಲಿನಲ್ಲಿ "2/10 ನೆಟ್ 30" ಎಂದು ಬರೆದಿರುತ್ತದೆ. ಹಾಗೆಂದರೆ ಏನು?

ಬಿಲ್ಲಿನ ದಿನಾಂಕದಿಂದ ಹತ್ತು ದಿನದೊಳಗೆ ಹಣ ಕೊಟ್ಟರೆ ಶೇ. 2 ಕಡಿತ. ಆ ಅವಕಾಶ ಬಿಟ್ಟರೆ ಮೂವತ್ತನೇ ದಿನದೊಳಗೆ ಪೂರ್ತಿ ಹಣ. ಒಂದು ಲಕ್ಷದ ಬಿಲ್ಲಿಗೆ ಹತ್ತನೇ ದಿನ 98,000 ರೂಪಾಯಿ, ಇಲ್ಲವೇ ಮೂವತ್ತನೇ ದಿನ 1,00,000 ರೂಪಾಯಿ. ಈ ಬರವಣಿಗೆ ಹೆಚ್ಚಾಗಿ ಅಮೆರಿಕದ ವ್ಯಾಪಾರದಲ್ಲಿ ಬಳಕೆಯಲ್ಲಿದೆ. ಅಲ್ಲಿಗೆ ರಫ್ತು ಮಾಡುವವರ ಪರ್ಚೇಸ್ ಆರ್ಡರಿನಲ್ಲಿ ಹೀಗೇ ಕಾಣುತ್ತದೆ. ನಮ್ಮ ಕಂಪನಿಗಳ ಬೆಲೆಪಟ್ಟಿಯಲ್ಲಿ ಅದೇ ಮಾತು "10 ದಿನಕ್ಕೆ ಸಿಡಿ 2%, 30 ದಿನಕ್ಕೆ ನೆಟ್" ಎಂದಿರುತ್ತದೆ.

ಬರೀ ಎರಡು ಪರ್ಸೆಂಟ್ ತಾನೆ? ಇದನ್ನು ವರ್ಷಕ್ಕೆ ಶೇ. 37ರ ಬಡ್ಡಿ ಎನ್ನುತ್ತಾರಲ್ಲ, ಅದು ಹೇಗೆ?

ಸಿಡಿ ಬಿಟ್ಟಾಗ ನಿಮಗೆ ಸಿಗುವುದು ಏನು ಎಂದು ಮೊದಲು ನೋಡಿ. ಮೂವತ್ತು ದಿನದ ಸಾಲ ಸಿಕ್ಕಿತು ಎಂದುಕೊಂಡರೆ ತಪ್ಪು. ಮೊದಲ ಹತ್ತು ದಿನ ಸಿಡಿ ತೆಗೆದುಕೊಳ್ಳುವವರಿಗೂ ಪುಕ್ಕಟೆಯೇ. ನಿಮಗೆ ಹೆಚ್ಚುವರಿಯಾಗಿ ಸಿಕ್ಕದ್ದು ಹತ್ತನೇ ದಿನದಿಂದ ಮೂವತ್ತನೇ ದಿನದವರೆಗಿನ ಇಪ್ಪತ್ತು ದಿನ ಮಾತ್ರ. ಆ ಇಪ್ಪತ್ತು ದಿನಕ್ಕೆ ನೀವು 2,000 ರೂಪಾಯಿ ಕೊಡುತ್ತಿದ್ದೀರಿ.

ಸಾಲದ ಅಸಲೂ ಒಂದು ಲಕ್ಷವಲ್ಲ. ಹತ್ತನೇ ದಿನ ಕೊಡಬೇಕಿದ್ದದ್ದು 98,000. ಅದನ್ನು ಕೊಡದೆ ಕೈಯಲ್ಲಿಟ್ಟುಕೊಂಡಿರಿ, ಆದ್ದರಿಂದ ಅಸಲು ಅಷ್ಟೇ. 98,000ಕ್ಕೆ 2,000 ಎಂದರೆ ಶೇ. 2.04. ವರ್ಷದ 365 ದಿನದಲ್ಲಿ ಇಂಥ ಇಪ್ಪತ್ತು ದಿನದ ಕಂತುಗಳು 18.25 ಬರುತ್ತವೆ. ಗುಣಿಸಿದರೆ ಶೇ. 37.2. ಎಕ್ಸೆಲ್‌ನಲ್ಲಿ ಹೀಗೆ ಹಾಕಿ ನೋಡಬಹುದು:

```
=(2/98)*(365/20)
```

ಬೇರೆ ಷರತ್ತು ಇದ್ದರೆ ಅಂಕಿ ಬದಲಿಸಿದರೆ ಸಾಕು. ಶೇ. 1 ಸಿಡಿ, ಹತ್ತು ದಿನ, ಮೂವತ್ತಕ್ಕೆ ನೆಟ್ ಎಂದರೆ ಶೇ. 18.4. ಶೇ. 2 ಸಿಡಿ, ಹದಿನೈದು ದಿನ, ನಲವತ್ತೈದಕ್ಕೆ ನೆಟ್ ಎಂದರೆ ಶೇ. 24.8. ಶೇ. 1 ಸಿಡಿ, ಏಳು ದಿನ, ನಲವತ್ತೈದಕ್ಕೆ ನೆಟ್ ಎಂದರೆ ಶೇ. 9.7 ಮಾತ್ರ. ಸಿಡಿಯ ಪರ್ಸೆಂಟಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಎರಡು ಗಡುವುಗಳ ನಡುವಿನ ದಿನಗಳು ಬೆಲೆಯನ್ನು ತೀರ್ಮಾನಿಸುತ್ತವೆ. ಮುಂದಿನ ಉತ್ತರಗಳಲ್ಲೂ ನಾನು ಮತ್ತೆ ಮತ್ತೆ ಈ ದಿನಗಳ ಬಳಿಗೇ ಬರುತ್ತೇನೆ.

ಕೆಲವು ಪುಸ್ತಕಗಳಲ್ಲಿ ಶೇ. 44.6 ಎಂದಿದೆ. ಯಾವುದು ಸರಿ?

ಎರಡೂ ಸರಿ. ಪ್ರತಿ ಇಪ್ಪತ್ತು ದಿನಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಚಕ್ರಬಡ್ಡಿ ಲೆಕ್ಕ ಹಾಕಿದರೆ 44.6 ಬರುತ್ತದೆ. ಬ್ಯಾಂಕು ತನ್ನ ಓವರ್‌ಡ್ರಾಫ್ಟ್, ಅಂದರೆ ಓಡಿ ಸಾಲದ ದರವನ್ನು ಹೇಳುವಾಗ ಚಕ್ರಬಡ್ಡಿ ಸೇರಿಸಿ ಹೇಳುವುದಿಲ್ಲ. ಹಾಗಾಗಿ ಬ್ಯಾಂಕಿನ ದರದ ಪಕ್ಕದಲ್ಲಿಟ್ಟು ಹೋಲಿಸಲು 37.2 ಎಂಬ ಸರಳ ದರವೇ ಸರಿಯಾದದ್ದು.

ಓಡಿಯಿಂದ ದುಡ್ಡು ತೆಗೆದು, ಬ್ಯಾಂಕಿಗೆ ಬಡ್ಡಿ ಕಟ್ಟಿ, ಸಿಡಿ ತೆಗೆದುಕೊಳ್ಳುವುದು ಲಾಭವೇ?

ಲಿಮಿಟ್‌ನಲ್ಲಿ ಜಾಗವಿದ್ದರೆ, ಬಹುತೇಕ ಯಾವಾಗಲೂ ಲಾಭ. ಜಿಎಸ್‌ಟಿಯನ್ನೂ ಸೇರಿಸಿ ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ, ಏಕೆಂದರೆ ಪಠ್ಯಪುಸ್ತಕದ 37.2 ನಮ್ಮ ಬಿಲ್ಲುಗಳಿಗೆ ಸರಿಯಾಗಿ ಹೊಂದುವುದಿಲ್ಲ.

ಹುಬ್ಬಳ್ಳಿಯ ಒಬ್ಬ ಪೈಪು-ಪಂಪು ಡೀಲರ್ ಎಂದುಕೊಳ್ಳಿ. ದೊಡ್ಡ ಕಂಪನಿಯಿಂದ 5,00,000 ರೂಪಾಯಿಯ ಮಾಲು, ಮೇಲೆ ಶೇ. 18 ಜಿಎಸ್‌ಟಿ 90,000, ಒಟ್ಟು ಬಿಲ್ 5,90,000. ಸಿಡಿ ಶೇ. 2, ಆದರೆ ಅದು ಜಿಎಸ್‌ಟಿ ಬಿಟ್ಟು ಮೂಲಬೆಲೆಯ ಮೇಲೆ ಮಾತ್ರ. ಅಂದರೆ ಕಡಿತ 10,000. ಹತ್ತನೇ ದಿನ ಕೊಡಬೇಕಾದದ್ದು 5,80,000.

ಇಲ್ಲಿ ಒಂದು ಸಣ್ಣ ವಿಷಯ ಇಡೀ ಲೆಕ್ಕವನ್ನು ಬದಲಿಸುತ್ತದೆ. ಸಿಡಿ ಸಿಗುವುದು ಐದು ಲಕ್ಷಕ್ಕೆ, ಆದರೆ ಇಪ್ಪತ್ತು ದಿನ ಮೊದಲು ಕೈಬಿಡುವ ಹಣ 5,80,000. ಜಿಎಸ್‌ಟಿಯ ತೊಂಬತ್ತು ಸಾವಿರವೂ ಮುಂಚೆಯೇ ಹೋಗುತ್ತದೆ, ಅದರ ಮೇಲೆ ಯಾವ ಕಡಿತವೂ ಇಲ್ಲ. ಹೀಗಾಗಿ ದರ 5,80,000ಕ್ಕೆ 10,000, ಅಂದರೆ ಶೇ. 1.72. ಅದನ್ನು 18.25ರಿಂದ ಗುಣಿಸಿದರೆ ವರ್ಷಕ್ಕೆ ಶೇ. 31.5. ಪುಸ್ತಕದ 37ಕ್ಕಿಂತ ಸುಮಾರು ಆರು ಪಾಯಿಂಟ್ ಕಡಿಮೆ. ಕೆಲವು ಕಂಪನಿಗಳು ಜಿಎಸ್‌ಟಿ ಸೇರಿದ ಪೂರ್ತಿ ಮೊತ್ತದ ಮೇಲೆ ಸಿಡಿ ಕೊಡುತ್ತವೆ. ಆ ಕಡಿತಕ್ಕೆ ಜಿಎಸ್‌ಟಿ ಕ್ರೆಡಿಟ್ ಹಿಂತಿರುಗಿಸಬೇಕಿಲ್ಲದಿದ್ದರೆ 37.2 ಎಂಬ ಅಂಕಿ ಹಾಗೆಯೇ ನಿಲ್ಲುತ್ತದೆ. ನಿಮ್ಮ ಸ್ಕೀಮಿನ ಸರ್ಕ್ಯುಲರ್‌ನಲ್ಲಿ ಯಾವುದಿದೆ ಎಂದು ಒಮ್ಮೆ ಓದಿಕೊಳ್ಳಿ.

ಈಗ ಬ್ಯಾಂಕಿನ ಕಡೆ. ಓಡಿ ದರ ಶೇ. 11 ಎಂದಿಟ್ಟುಕೊಳ್ಳೋಣ. 5,80,000ಕ್ಕೆ ಇಪ್ಪತ್ತು ದಿನದ ಬಡ್ಡಿ 3,496 ರೂಪಾಯಿ. ಸಿಕ್ಕ ಸಿಡಿ 10,000. ಬಡ್ಡಿ ಕಳೆದು ಉಳಿಯುವುದು 6,504. ತಿಂಗಳಿಗೆ ಇಂಥ ಒಂದೇ ಬಿಲ್ ಬಂದರೂ ವರ್ಷಕ್ಕೆ 78,000 ರೂಪಾಯಿ. ಐದು ಲಕ್ಷದ ಮಾಲಿನ ಮೇಲೆ ಶೇ. 4 ಅಥವಾ 5ರ ಮಾರ್ಜಿನ್‌ನಲ್ಲಿ ದುಡಿಯುವ ಡೀಲರ್‌ಗೆ ಬಿಲ್ಲಿಗೆ ಆರೂವರೆ ಸಾವಿರ ಎಂದರೆ ಒಟ್ಟು ಗಳಿಕೆಯ ಕಾಲು ಭಾಗಕ್ಕಿಂತ ಹೆಚ್ಚು. ಅದನ್ನು "ಓಡಿ ಬಡ್ಡಿ ಹತ್ತುತ್ತದೆ" ಎಂಬ ಹೆದರಿಕೆಯಿಂದ ಬಿಡುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ನನಗೆ ಓಡಿ ಇಲ್ಲ. ಹೊರಗೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ಸಿಗುತ್ತದೆ. ತಂದು ಸಿಡಿ ತೆಗೆದುಕೊಳ್ಳಲೇ?

ಬೇಡ. ಕಾಗದದ ಮೇಲೆ ಅದು ಲಾಭದಂತೆ ಕಾಣುತ್ತದೆ. ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ. 24, ನಮ್ಮ ಡೀಲರ್‌ಗೆ ಸಿಡಿಯ ದರ ಶೇ. 31.5. ಇಪ್ಪತ್ತು ದಿನಕ್ಕೆ ಲೆಕ್ಕ ಹಾಕಿದರೆ ಬಡ್ಡಿ 7,627, ಸಿಡಿ 10,000, ಎರಡು ಸಾವಿರಕ್ಕೂ ಹೆಚ್ಚು ಉಳಿಯಬೇಕು.

ಆದರೆ ಕೈಸಾಲ ಕೊಡುವವರು ದಿನದ ಲೆಕ್ಕದಲ್ಲಿ ಬಡ್ಡಿ ಹಿಡಿಯುವುದು ಅಪರೂಪ. ಇಪ್ಪತ್ತನೇ ದಿನ ಅಸಲು ತಂದುಕೊಟ್ಟರೂ ಪೂರ್ತಿ ತಿಂಗಳ ಬಡ್ಡಿ ಕೇಳುತ್ತಾರೆ. 5,80,000ಕ್ಕೆ ಒಂದು ತಿಂಗಳ ಎರಡು ಪರ್ಸೆಂಟ್ 11,600. ಸಿಡಿ 10,000. ಕೈಯಿಂದ 1,600 ಹೋಯಿತು. ಬ್ಯಾಂಕಿನ ಓಡಿಯಲ್ಲಿ ಬಡ್ಡಿ ಆಯಾ ದಿನದ ಬಾಕಿಯ ಮೇಲೆ ಬೀಳುತ್ತದೆ, ಇಪ್ಪತ್ತು ದಿನಕ್ಕೆ ಇಪ್ಪತ್ತೇ ದಿನದ ಬಡ್ಡಿ. ಸಿಡಿಯ ಲೆಕ್ಕ ಓಡಿಯಲ್ಲಿ ಗೆಲ್ಲುವುದಕ್ಕೂ ಕೈಸಾಲದಲ್ಲಿ ಸೋಲುವುದಕ್ಕೂ ದರದಷ್ಟೇ ಇದೂ ಕಾರಣ. ಚಿನ್ನದ ಸಾಲವನ್ನು ಇದಕ್ಕೆಂದು ಎತ್ತುವವರಿದ್ದಾರೆ. ಅಲ್ಲಿಯೂ ಕನಿಷ್ಠ ಎಷ್ಟು ದಿನದ ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಎಷ್ಟು ಎಂದು ಕೇಳಿಕೊಂಡೇ ಕೈಹಾಕಿ.

ನಿಜ ಹೇಳಬೇಕೆಂದರೆ ನಾನು ಮೂವತ್ತಕ್ಕೂ ಕೊಡುವುದಿಲ್ಲ, ಅರವತ್ತಕ್ಕೆ ಕೊಡುತ್ತೇನೆ. ಆಗ?

ಆಗ ನಿಮ್ಮ ಲೆಕ್ಕದಲ್ಲಿ ಇಪ್ಪತ್ತರ ಜಾಗಕ್ಕೆ ಐವತ್ತು ಬರುತ್ತದೆ. ಅದೇ 10,000 ರೂಪಾಯಿಗೆ ಐವತ್ತು ದಿನದ ಸಾಲ ಸಿಕ್ಕಿತು, ಅಂದರೆ ವರ್ಷಕ್ಕೆ ಶೇ. 12.6. ಓಡಿಯ ಶೇ. 11ಕ್ಕಿಂತ ಸ್ವಲ್ಪ ಮೇಲಷ್ಟೇ. ತೊಂಬತ್ತನೇ ದಿನ ಕೊಡುವವರಿಗೆ ಎಂಬತ್ತು ದಿನ, ದರ ಶೇ. 7.9. ಬ್ಯಾಂಕಿಗಿಂತಲೂ ಅಗ್ಗ. ನಮ್ಮ ಉದಾಹರಣೆಯಲ್ಲಿ ಎರಡೂ ಸಮವಾಗುವುದು ಹತ್ತನೇ ದಿನದಿಂದ 57 ದಿನಕ್ಕೆ, ಅಂದರೆ ಬಿಲ್ಲಿನಿಂದ 67ನೇ ದಿನದ ಹೊತ್ತಿಗೆ.

"ಸಿಡಿ ಬಿಡುವವನು ದಡ್ಡ" ಎಂಬ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ ಎನ್ನುವುದು ಇದಕ್ಕೇ. ಗಡುವು ಮೀರಿದರೂ ಯಾರೂ ಕೇಳದ ಮಾರುಕಟ್ಟೆಯಲ್ಲಿ ಸಿಡಿ ಬಿಟ್ಟು ತೊಂಬತ್ತು ದಿನ ತಳ್ಳುವವರು ಲೆಕ್ಕ ಗೊತ್ತಿಲ್ಲದೆ ಹಾಗೆ ಮಾಡುತ್ತಿಲ್ಲ. ಆದರೆ ಆ 7.9ರಲ್ಲಿ ಸೇರದ ಖರ್ಚುಗಳಿವೆ. ಸೀಸನ್‌ನಲ್ಲಿ ಮಾಲು ಕಡಿಮೆ ಇದ್ದಾಗ ಕಂಪನಿಯ ಲಾರಿ ಮೊದಲು ಹೋಗುವುದು ಬಾಕಿ ಇಲ್ಲದವರ ಗೋದಾಮಿಗೆ. ಬಾಕಿ ಗಡುವು ಮೀರಿದ್ದರೆ ತ್ರೈಮಾಸಿಕ ಟಾರ್ಗೆಟ್ ಸ್ಕೀಮ್ ಕೈತಪ್ಪುವ ಷರತ್ತೂ ಹಲವು ಸರ್ಕ್ಯುಲರ್‌ಗಳಲ್ಲಿ ಇರುತ್ತದೆ.

ಇನ್ನೊಂದು ಮಿತಿ ಕಾನೂನಿನದು. ನಿಮಗೆ ಮಾಲು ಕೊಟ್ಟವರು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಏನೇ ಇರಲಿ 45 ದಿನ ದಾಟುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 5.5 ಇದ್ದಾಗ ಅದು ಶೇ. 16.5 ಆಗುತ್ತದೆ, ಮತ್ತು ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ಇದರ ಮೇಲೆ 2023ರ ಹಣಕಾಸು ಕಾಯ್ದೆ ತಂದ, ವ್ಯಾಪಾರಿಗಳೆಲ್ಲ 43ಬಿ(ಎಚ್) ಎಂದೇ ಗುರುತಿಸುವ ನಿಯಮವಿದೆ: ಈ ಗಡುವು ಮೀರಿ ಮಾರ್ಚ್ 31ಕ್ಕೆ ಬಾಕಿ ಉಳಿದ ಮೊತ್ತ ಆ ವರ್ಷ ಖರ್ಚಾಗಿ ಸಿಗುವುದಿಲ್ಲ, ಕೊಟ್ಟ ವರ್ಷದಲ್ಲಷ್ಟೇ ಸಿಗುತ್ತದೆ. ಮಧ್ಯಮ ಮತ್ತು ದೊಡ್ಡ ಕಂಪನಿಗಳಿಂದ ತಂದ ಮಾಲಿಗೆ, ತಯಾರಕರಲ್ಲದ ಬರೀ ವ್ಯಾಪಾರಿಗಳಿಂದ ತಂದ ಮಾಲಿಗೆ ಈ ನಿಯಮ ಬರುವುದಿಲ್ಲ. ಆದರೆ ಪಕ್ಕದ ಕೈಗಾರಿಕಾ ಪ್ರದೇಶದ ಸಣ್ಣ ತಯಾರಕರಿಗೆ ತೊಂಬತ್ತು ದಿನ ತಳ್ಳುವ ಲೆಕ್ಕ ಇಲ್ಲಿಗೆ ಮುಗಿಯಿತು.

ಹತ್ತನೇ ದಿನ ತಪ್ಪಿಹೋಯಿತು. ಹನ್ನೆರಡಕ್ಕೆ ದುಡ್ಡು ಬಂತು. ಕೊಟ್ಟುಬಿಡಲೇ?

ಮೊದಲು ಕಂಪನಿಯ ಸೇಲ್ಸ್ ಆಫೀಸರ್‌ಗೆ ಫೋನ್ ಮಾಡಿ, ಎರಡು ದಿನ ರಿಯಾಯಿತಿ ಕೊಟ್ಟು ಸಿಡಿ ಉಳಿಸಲು ಸಾಧ್ಯವೇ ಎಂದು ಕೇಳಿ. ಆಗದು ಎಂದರೆ ಮೂವತ್ತನೇ ದಿನದವರೆಗೆ ಕಾಯಿರಿ. ಹನ್ನೆರಡನೇ ದಿನ ಪೂರ್ತಿ ಹಣ ಕೊಟ್ಟರೆ ಕೇವಲ ಎರಡು ದಿನದ ಸಾಲಕ್ಕೆ ಎರಡು ಪರ್ಸೆಂಟ್ ಕೊಟ್ಟಂತೆ. ವರ್ಷದ ಲೆಕ್ಕದಲ್ಲಿ ಅದು ಶೇ. 372. ಸಿಡಿಯ ದಿನ ದಾಟಿದ ಮೇಲೆ ಗಡುವಿನವರೆಗೆ ಬೇಗ ಕೊಡುವುದರಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ಇದೇ ಕಾರಣಕ್ಕೆ ಸಿಡಿ ತೆಗೆದುಕೊಳ್ಳುವವರೂ ಮೂರನೇ ದಿನ ಕೊಡಬೇಕಿಲ್ಲ, ಒಂಬತ್ತನೇ ದಿನ ಸಾಕು. ಒಂದು ದಿನ ಕೈಯಲ್ಲಿರಲಿ ಎನ್ನುವುದು ಬ್ಯಾಂಕ್ ರಜೆ, ಸರ್ವರ್ ತೊಂದರೆ ಇಂಥವುಗಳಿಗಾಗಿ.

ಹತ್ತು ದಿನವನ್ನು ಯಾವತ್ತಿನಿಂದ ಎಣಿಸಬೇಕು? ಮಾಲು ಬಂದದ್ದೇ ಆರನೇ ದಿನ.

ಬೇರೆ ಏನೂ ಬರೆದಿಲ್ಲದಿದ್ದರೆ ಕಂಪನಿಗಳು ಬಿಲ್ಲಿನ ದಿನಾಂಕದಿಂದಲೇ ಎಣಿಸುತ್ತವೆ. ಲಾರಿ ಯಾವಾಗ ಬಂತು ಎನ್ನುವುದು ಅವರ ಲೆಕ್ಕಕ್ಕಿಲ್ಲ. ನಿಮ್ಮ ಹಣ ಅವರ ಖಾತೆಗೆ ಜಮಾ ಆದ ದಿನವೇ ಹಣ ಕೊಟ್ಟ ದಿನ. ಚೆಕ್ ಕೊಟ್ಟ ದಿನವನ್ನು ಹೆಚ್ಚಿನವರು ಒಪ್ಪುವುದಿಲ್ಲ. ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ, ಪರ್ಸೆಂಟಿನ ವಿಷಯದಲ್ಲಿ ಅಲ್ಲ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ ರಜಾದಿನವೂ ಸೇರಿ ಹಗಲೂ ರಾತ್ರಿ ನಡೆಯುವುದರಿಂದ ಹತ್ತನೇ ದಿನ ಭಾನುವಾರ ಬಂದರೂ ಹಣ ಕಳುಹಿಸಬಹುದು.

ಮಾಲು ತಡವಾಗಿ ಬಂದರೆ ವಾರ್ಷಿಕ ದರ ಬದಲಾಗುವುದಿಲ್ಲ, ಏಕೆಂದರೆ ಎರಡು ಪಾವತಿ ದಿನಗಳ ನಡುವಿನ ಅಂತರ ಅದೇ ಇಪ್ಪತ್ತು. ಬದಲಾಗುವುದು ನಿಮ್ಮ ತಪಾಸಣೆಯ ಸಮಯ. ಒಡೆದ ಟೈಲ್ಸ್, ಕಡಿಮೆ ಬಂದ ನಗ, ತಪ್ಪು ಸೈಜು ಇವನ್ನೆಲ್ಲ ನಾಲ್ಕೇ ದಿನದಲ್ಲಿ ನೋಡಿ ದೂರು ಬರೆಯಬೇಕು. ಹಣ ಕೊಟ್ಟ ಮೇಲೆ ಕ್ಲೇಮ್ ವಸೂಲಿ ಮಾಡುವುದು ಎಷ್ಟು ಕಷ್ಟ ಎಂದು ಡೀಲರ್‌ಗಳಿಗೆ ಹೇಳಬೇಕಿಲ್ಲ. ತಕರಾರಿರುವ ಮಾಲಿನಷ್ಟು ಹಣ ತಡೆಹಿಡಿದು ಉಳಿದದ್ದಕ್ಕೆ ಸಿಡಿ ಸಿಗುವುದೇ ಎಂದು ಮೊದಲೇ ಇಮೇಲ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಬೇಗ ಕೊಟ್ಟರೆ ನನ್ನ ಸಿಸಿ ಲಿಮಿಟ್ ತುಂಬಿಹೋಗುವುದಿಲ್ಲವೇ?

ತುಂಬಬಹುದು. ಸ್ಟಾಕಿನ ಮೇಲೆ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲ ಇರುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ನೀವು ಎಷ್ಟು ಹಣ ತೆಗೆಯಬಹುದು ಎಂಬ ಡ್ರಾಯಿಂಗ್ ಪವರ್, ಅಂದರೆ ಡಿಪಿ, ಲೆಕ್ಕ ಹಾಕುವಾಗ ಬ್ಯಾಂಕು ನಿಮ್ಮ ಸ್ಟಾಕಿನಿಂದ ಮಾಲು ಕೊಟ್ಟವರಿಗೆ ಕೊಡಬೇಕಾದ ಬಾಕಿಯನ್ನು ಕಳೆಯುತ್ತದೆ. ಹಣ ಕೊಡದ ಮಾಲು ನಿಮ್ಮ ಗೋದಾಮಿನಲ್ಲಿದ್ದರೂ ಡಿಪಿಗೆ ಲೆಕ್ಕವಿಲ್ಲ. ಹಣ ಕೊಟ್ಟ ತಕ್ಷಣ ಅದು ನಿಮ್ಮ ಸ್ಟಾಕ್ ಆಗುತ್ತದೆ, ಮುಂದಿನ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಡಿಪಿ ಏರುತ್ತದೆ.

ಆದರೆ ಪೂರ್ತಿ ಏರುವುದಿಲ್ಲ. ಶೇ. 25 ಮಾರ್ಜಿನ್ ಇದ್ದರೆ ಐದು ಲಕ್ಷದ ಸ್ಟಾಕಿಗೆ 3,75,000 ಮಾತ್ರ. ಹೊರಗೆ ಹೋದದ್ದು 5,80,000. ನಡುವಿನ ಸುಮಾರು ಎರಡು ಲಕ್ಷ ನಿಮ್ಮ ಸ್ವಂತ ಬಂಡವಾಳದಿಂದ ಬರಬೇಕು. ಎಲ್ಲಾ ಬಿಲ್ಲುಗಳಿಗೂ ಒಟ್ಟಿಗೆ ಸಿಡಿ ತೆಗೆದುಕೊಳ್ಳಲು ಹೊರಟವರಿಗೆ ಸಂಬಳದ ದಿನ, ಜಿಎಸ್‌ಟಿ ಕಟ್ಟುವ 20ನೇ ತಾರೀಖು ಲಿಮಿಟ್ ಸಾಲದೆ ಹೋಗುವುದು ಹೀಗೆ. ಚೆಕ್ ಬೌನ್ಸ್ ಆದರೆ ಕಟ್ಟುವ ದಂಡ, ಕೆಡುವ ಹೆಸರು ಒಂದು ಬಿಲ್ಲಿನ ಸಿಡಿಗಿಂತ ದೊಡ್ಡದು. ಹಾಗಾಗಿ ಲಿಮಿಟ್ ಬಿಗಿಯಿದ್ದಾಗ ನಾನು ಹೇಳುವುದು ಇಷ್ಟೇ: ಎಲ್ಲ ಸಪ್ಲೈಯರ್‌ಗಳ ಸಿಡಿಯನ್ನೂ ವಾರ್ಷಿಕ ದರಕ್ಕೆ ತಂದು, ದೊಡ್ಡ ದರದಿಂದ ಕೆಳಗೆ ಪಟ್ಟಿ ಮಾಡಿ. ಇರುವ ಹಣ ಮೇಲಿನಿಂದ ಹಂಚಿ. ಶೇ. 1 ಸಿಡಿಗೆ ಏಳು ದಿನದಲ್ಲಿ ಕೊಡು, ಇಲ್ಲವೇ ನಲವತ್ತೈದಕ್ಕೆ ಕೊಡು ಎನ್ನುವ ಬಿಲ್ ಆ ಪಟ್ಟಿಯ ಕೊನೆಯಲ್ಲಿರುತ್ತದೆ. ಅದನ್ನು ಬಿಟ್ಟರೆ ನಷ್ಟವಿಲ್ಲ.

ನಾನು ಮಾರುವವನು. ಗಿರಾಕಿಗಳಿಗೆ 2/10 ಕೊಟ್ಟರೆ ದುಡ್ಡು ಬೇಗ ಬರುತ್ತದೆಯೇ?

ಬರುತ್ತದೆ, ಆದರೆ ಬೇಗ ಕೊಡುತ್ತಿದ್ದವರಿಂದಲೇ ಹೆಚ್ಚು ಬರುತ್ತದೆ. ಇದನ್ನು ಅಂಕಿಗಳಲ್ಲಿ ನೋಡಿದರೆ ಬೆಚ್ಚಿಬೀಳುವಂತಿರುತ್ತದೆ.

ಪೀಣ್ಯದ ಒಂದು ಸಣ್ಣ ಘಟಕ ತಿಂಗಳಿಗೆ 20 ಲಕ್ಷದ ಮಾಲು ಮಾರುತ್ತದೆ ಎನ್ನೋಣ. ಲೆಕ್ಕ ಸರಳವಾಗಲು ಜಿಎಸ್‌ಟಿ ಬಿಡೋಣ. 8 ಲಕ್ಷದ ಗಿರಾಕಿಗಳು ಮೊದಲಿನಿಂದಲೂ ಹದಿನೈದನೇ ದಿನದ ಹೊತ್ತಿಗೆ ಕೊಡುವವರು. 7 ಲಕ್ಷದವರು ಮೂವತ್ತೈದಕ್ಕೆ. 5 ಲಕ್ಷದವರು ಎಪ್ಪತ್ತೈದಕ್ಕೆ. ಮಾಲೀಕರು ಶೇ. 2 ಸಿಡಿ ಪ್ರಕಟಿಸಿದರು. ಮೊದಲ ಗುಂಪು ಇಡಿಯಾಗಿ ಅದನ್ನು ತೆಗೆದುಕೊಂಡಿತು: 16,000 ರೂಪಾಯಿ ಬಿಟ್ಟುಕೊಟ್ಟು ಅವರ ಹಣ ಬಂದದ್ದು ಐದೇ ದಿನ ಮುಂಚೆ. ಎರಡನೇ ಗುಂಪಿನಲ್ಲಿ ಅರ್ಧ ಜನ ತೆಗೆದುಕೊಂಡರು: 7,000 ರೂಪಾಯಿಗೆ ಇಪ್ಪತ್ತೈದು ದಿನ ಮುಂಚೆ. ಮೂರನೇ ಗುಂಪು ಅಲುಗಲಿಲ್ಲ. ಅವರ ಹತ್ತಿರ ಹತ್ತನೇ ದಿನ ದುಡ್ಡಿರುವುದಿಲ್ಲ, ಇದ್ದಿದ್ದರೆ ಎಪ್ಪತ್ತೈದು ದಿನ ತಳ್ಳುತ್ತಿರಲಿಲ್ಲ.

ಒಟ್ಟು ಬಿಟ್ಟುಕೊಟ್ಟದ್ದು 23,000. ಬೇಗ ಬಂದ ಹಣದಿಂದ ಶೇ. 11ರ ಓಡಿಯಲ್ಲಿ ಉಳಿದ ಬಡ್ಡಿ ಮೊದಲ ಗುಂಪಿನಿಂದ 1,181, ಎರಡನೆಯದರಿಂದ 2,584, ಒಟ್ಟು 3,765. ಪ್ರತಿ ತಿಂಗಳೂ ಹತ್ತೊಂಬತ್ತು ಸಾವಿರ ನಷ್ಟ. ಮೊದಲ ಗುಂಪಿಗೆ ಕೊಟ್ಟ ಸಿಡಿಯ ವಾರ್ಷಿಕ ದರ ಶೇ. 149. ಬಿಲ್ಲಿನಲ್ಲಿ ಮೂವತ್ತು ದಿನ ಎಂದು ಅಚ್ಚಾಗಿದ್ದರೂ ಆ ಗಿರಾಕಿಗಳ ವಿಷಯದಲ್ಲಿ ನಿಜವಾದ ಅಂತರ ಐದೇ ದಿನವಾಗಿತ್ತು. ಪಠ್ಯಪುಸ್ತಕದ 37 ಅವರ ಮಟ್ಟಿಗೆ ಎಂದೂ ನಿಜವಾಗಿರಲಿಲ್ಲ.

ಆದ್ದರಿಂದ ಸಿಡಿ ಪ್ರಕಟಿಸುವ ಮೊದಲು ಟ್ಯಾಲಿಯಲ್ಲಿ ಹಿಂದಿನ ಒಂದು ವರ್ಷದ ಬಿಲ್‌ವೈಸ್ ವಿವರ ತೆಗೆದು, ಪ್ರತಿ ಗಿರಾಕಿ ಸರಾಸರಿ ಎಷ್ಟನೇ ದಿನ ಕೊಡುತ್ತಾರೆ ಎಂದು ನೋಡಿ. ನಿಮ್ಮ ಓಡಿ ದರವನ್ನು ಉಳಿಯುವ ದಿನಗಳಿಂದ ಗುಣಿಸಿ 365ರಿಂದ ಭಾಗಿಸಿದರೆ ಅವರಿಗೆ ಎಷ್ಟು ಸಿಡಿ ಕೊಡಬಹುದು ಎಂಬುದು ಸಿಗುತ್ತದೆ. ಮೂವತ್ತೈದರಿಂದ ಹತ್ತಕ್ಕೆ ಬರುವವರಿಗೆ ಶೇ. 11ರ ದರದಲ್ಲಿ ಮುಕ್ಕಾಲು ಪರ್ಸೆಂಟ್. ಎರಡು ಪರ್ಸೆಂಟ್ ಸರಿಹೊಂದುವುದು ಎಪ್ಪತ್ತೈದರಿಂದ ಹತ್ತಕ್ಕೆ ಬರುವವರಿಗೆ, ಅವರು ಬರುವುದಿಲ್ಲ.

ಹಾಗಾದರೆ ಯಾರೂ ಸಿಡಿ ಕೊಡಲೇಬಾರದೇ? ದೊಡ್ಡ ಕಂಪನಿಗಳೆಲ್ಲ ಕೊಡುತ್ತವಲ್ಲ?

ಕೊಡಲು ಸರಿಯಾದ ಕಾರಣಗಳಿವೆ. ಲಿಮಿಟ್ ಮುಗಿದಿದ್ದು, ಕಚ್ಚಾಮಾಲು ಕೊಳ್ಳಲು ಹಣವಿಲ್ಲದೆ ಆರ್ಡರ್ ಕೈತಪ್ಪುವ ಸ್ಥಿತಿ ಇದ್ದರೆ, ಹೋಲಿಸಬೇಕಾದದ್ದು ಶೇ. 11ರ ಜೊತೆಗಲ್ಲ, ಕಳೆದುಕೊಳ್ಳುವ ಲಾಭದ ಜೊತೆಗೆ. ದೊಡ್ಡ ಕಂಪನಿಗಳು ಬೆಲೆಪಟ್ಟಿ ಮಾಡುವಾಗಲೇ ಸಿಡಿಯನ್ನು ಬೆಲೆಯೊಳಗೆ ಸೇರಿಸಿರುತ್ತವೆ. ಅವುಗಳಿಗೆ ಸಿಡಿ ಎಂಬುದು ಇನ್ನೊಂದು ಕೆಲಸವನ್ನೂ ಮಾಡಿಕೊಡುತ್ತದೆ. ಶೇ. 30ಕ್ಕೂ ಹೆಚ್ಚು ದರದ ಸಿಡಿಯನ್ನು ಯಾವಾಗಲೂ ತೆಗೆದುಕೊಳ್ಳುತ್ತಿದ್ದ ಡೀಲರ್ ಇದ್ದಕ್ಕಿದ್ದಂತೆ ಎರಡು ಮೂರು ಬಿಲ್ ಬಿಟ್ಟರೆ, ಅವರಿಗೆ ಬ್ಯಾಂಕಿನಿಂದ ಹಣ ಸಿಗುತ್ತಿಲ್ಲ ಎಂಬ ಸೂಚನೆ ಅದು. ಬಾಕಿ ಮುಳುಗುವುದಕ್ಕೆ ತಿಂಗಳುಗಳ ಮೊದಲೇ ಕಾಣುವ ಸೂಚನೆ. ಸಣ್ಣವರೂ ಇದನ್ನು ಗಮನಿಸಬಹುದು.

ಗಿರಾಕಿ ದೊಡ್ಡ ಕಂಪನಿಯಾಗಿದ್ದರೆ ಸಿಡಿಗಿಂತ ಮೊದಲು ಟ್ರೆಡ್ಸ್ ವೇದಿಕೆ ನೋಡಿ. ಕಂಪನಿ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಅಲ್ಲಿ ಹರಾಜಿನಲ್ಲಿ ಕೊಂಡು ನಿಮಗೆ ಹಣ ಕೊಡುತ್ತವೆ. ಬಡ್ಡಿ ಆ ಕಂಪನಿಯ ಸಾಲಯೋಗ್ಯತೆಯ ಮೇಲೆ ನಿಂತಿರುತ್ತದೆ, ನಿಮ್ಮದರ ಮೇಲಲ್ಲ. ಕಂಪನಿ ಹಣ ಕೊಡದೆ ಹೋದರೆ ಬ್ಯಾಂಕು ನಿಮ್ಮನ್ನು ಹಿಡಿಯುವುದಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿರುವ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದರಲ್ಲಿ ಸೇರಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿದೆ. ಶೇ. 37ಕ್ಕೆ ಸಮನಾದ ಸಿಡಿ ಕೊಟ್ಟು ಹಣ ತರಿಸಿಕೊಳ್ಳುವ ಮೊದಲು ಅಲ್ಲಿ ವಿಚಾರಿಸದಿರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಗಿರಾಕಿ ಇಪ್ಪತ್ತೈದನೇ ದಿನ ಕೊಟ್ಟು, ಸಿಡಿಯನ್ನೂ ಕಡಿದುಕೊಂಡಿದ್ದಾರೆ. ಏನು ಮಾಡಲಿ?

ಸುಮ್ಮನಿದ್ದರೆ ಮುಂದಿನ ಬಾರಿಯಿಂದ ಅದೇ ಪದ್ಧತಿಯಾಗುತ್ತದೆ, ಮತ್ತು ನಿಮ್ಮ ಬೆಲೆ ಎರಡು ಪರ್ಸೆಂಟ್ ಇಳಿಯಿತು ಎಂದೇ ಅರ್ಥ. ಮೊದಲ ಸಲವೇ, ಹಣ ಜಮಾ ಆದ ದಿನಾಂಕ ತೋರಿಸಿ, ಉಳಿದ ಮೊತ್ತವನ್ನು ಬಾಕಿ ಎಂದೇ ಖಾತೆಯಲ್ಲಿಟ್ಟು ಪತ್ರ ಕಳುಹಿಸಿ. ಆ ಬಾಕಿ ತೀರುವವರೆಗೆ ಮುಂದಿನ ಬಿಲ್ಲಿನ ಸಿಡಿ ಇಲ್ಲ ಎಂಬ ಸಾಲು ಷರತ್ತಿನಲ್ಲಿರಲಿ. ಸಿಡಿಯನ್ನು ಗಿರಾಕಿ ತಾವೇ ಕಡಿದುಕೊಳ್ಳುವ ಬದಲು, ಪೂರ್ತಿ ಹಣ ಬಂದ ಮೇಲೆ ನೀವು ಕ್ರೆಡಿಟ್ ನೋಟ್ ಕೊಡುವ ಪದ್ಧತಿ ಇಟ್ಟರೆ ಈ ಸಮಸ್ಯೆಯೇ ಹುಟ್ಟುವುದಿಲ್ಲ. ಹಲವು ಕಂಪನಿಗಳು ಮಾಡುವುದು ಹೀಗೆಯೇ. ಕೊಳ್ಳುವವರ ಕಡೆಯಿಂದ ನೋಡಿದರೆ ಅದರಲ್ಲಿ ಒಂದು ವ್ಯತ್ಯಾಸವಿದೆ: ಕ್ರೆಡಿಟ್ ನೋಟ್ ಬರಲು ಎರಡು ತಿಂಗಳಾದರೆ, ಆ ಹತ್ತು ಸಾವಿರವೂ ಅಷ್ಟು ದಿನ ಕಂಪನಿಯ ಕೈಯಲ್ಲೇ ಇರುತ್ತದೆ.

ಸಿಡಿಯ ಕ್ರೆಡಿಟ್ ನೋಟಿಗೆ ಜಿಎಸ್‌ಟಿ ಹಾಕಬೇಕೇ?

ಎರಡು ದಾರಿಗಳಿವೆ. ಜಿಎಸ್‌ಟಿ ಸೇರಿಸಿ ಕ್ರೆಡಿಟ್ ನೋಟ್ ಕೊಟ್ಟರೆ ಮಾರುವವರ ತೆರಿಗೆ ಹೊಣೆ ಇಳಿಯುತ್ತದೆ, ಕೊಳ್ಳುವವರು ಅಷ್ಟೇ ಇನ್‌ಪುಟ್ ಕ್ರೆಡಿಟ್ ಹಿಂತಿರುಗಿಸಬೇಕು. ಜಿಎಸ್‌ಟಿ ಇಲ್ಲದ ವಾಣಿಜ್ಯ ಕ್ರೆಡಿಟ್ ನೋಟ್ ಕೊಟ್ಟರೆ ಮಾರುವವರ ತೆರಿಗೆ ಹಾಗೇ ಉಳಿಯುತ್ತದೆ, ಕೊಳ್ಳುವವರ ಕ್ರೆಡಿಟ್ಟೂ ಹಾಗೇ ಉಳಿಯುತ್ತದೆ. ಕೊಳ್ಳುವವರು ಪೂರ್ತಿ ಕ್ರೆಡಿಟ್ ಪಡೆಯುವವರಾಗಿದ್ದರೆ ಇಬ್ಬರಿಗೂ ಎರಡನೆಯದು ತಲೆನೋವು ಕಡಿಮೆ. ಹುಬ್ಬಳ್ಳಿಯ ಉದಾಹರಣೆಯ 10,000 ಆ ಬಗೆಯದು. ಮೊದಲ ದಾರಿಯಲ್ಲಿ 11,800ರ ಕ್ರೆಡಿಟ್ ನೋಟ್ ಬಂದರೂ 1,800 ಇನ್‌ಪುಟ್ ಹಿಂದಕ್ಕೆ ಹೋಗುತ್ತದೆ, ನಿಜವಾದ ಲಾಭ ಮತ್ತೆ ಅದೇ 10,000. ಅದನ್ನು 11,800 ಎಂದು ಎಣಿಸಿಕೊಂಡು ದರ ಲೆಕ್ಕ ಹಾಕಬೇಡಿ.

ಕೈತಪ್ಪಿದ ಸಿಡಿಯನ್ನು ಪುಸ್ತಕದಲ್ಲಿ ತೋರಿಸುವುದು ಹೇಗೆ?

ಸಾಮಾನ್ಯ ಪದ್ಧತಿಯಲ್ಲಿ ಅದು ಕಾಣುವುದೇ ಇಲ್ಲ. ಖರೀದಿ ಪೂರ್ತಿ ಬೆಲೆಗೆ ದಾಖಲಾಗುತ್ತದೆ, ಸಿಡಿ ಸಿಕ್ಕರೆ "ಡಿಸ್ಕೌಂಟ್ ರಿಸೀವ್ಡ್" ಖಾತೆಗೆ ಹೋಗುತ್ತದೆ, ಸಿಗದಿದ್ದರೆ ಎಲ್ಲಿಯೂ ಇಲ್ಲ. ಮಾಲೀಕರಿಗೆ ಸಿಕ್ಕದ್ದು ಮಾತ್ರ ಗೊತ್ತಾಗುತ್ತದೆ. ಇದಕ್ಕೆ ಬದಲಾಗಿ ಖರೀದಿಯನ್ನು ಸಿಡಿ ಕಳೆದ ಬೆಲೆಗೇ ದಾಖಲಿಸಿ, ಸಿಡಿ ತಪ್ಪಿದ ಬಿಲ್ಲಿನ ವ್ಯತ್ಯಾಸವನ್ನು "ತಪ್ಪಿದ ಸಿಡಿ" ಎಂಬ ಖಾತೆಗೆ, ಬಡ್ಡಿ ಖರ್ಚುಗಳ ಗುಂಪಿನ ಕೆಳಗೆ ಹಾಕಬಹುದು. ಜಿಎಸ್‌ಟಿಗೆ ಬಿಲ್ಲಿನ ಮೊತ್ತವೇ ಬೇಕಾದ್ದರಿಂದ ಅದು ಕಷ್ಟ ಎನಿಸಿದರೆ, ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಸಾಕು: ಬಿಲ್ ದಿನಾಂಕ, ಸಿಡಿಯ ಕೊನೆಯ ದಿನ, ಹಣ ಕೊಟ್ಟ ದಿನ, ತಪ್ಪಿದ ಮೊತ್ತ. ತಿಂಗಳ ಕೊನೆಗೆ ನಾಲ್ಕನೇ ಕಾಲಂ ಕೂಡಿಸಿ ಓಡಿಯ ಬಡ್ಡಿಯ ಪಕ್ಕದಲ್ಲಿ ಬರೆಯಿರಿ. ಮೂರನೇ ಕಾಲಂ ನೋಡಿದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ತಪ್ಪಿದ ಬಿಲ್ಲುಗಳಲ್ಲಿ ಹಲವು ಹಣವಿಲ್ಲದೆ ತಪ್ಪಿದವಲ್ಲ, ಹನ್ನೊಂದನೇ ಹನ್ನೆರಡನೇ ದಿನ ಪಾಸಾದವು. ಬಿಲ್ ಗೋದಾಮಿನಲ್ಲೋ ಲಾರಿ ಚಾಲಕರ ಹತ್ತಿರವೋ ನಾಲ್ಕು ದಿನ ಉಳಿದಿತ್ತು. ಇ-ಇನ್‌ವಾಯ್ಸ್ ಪ್ರತಿಯನ್ನು ಬಿಲ್ಲಾದ ದಿನವೇ ಅಕೌಂಟ್ಸ್‌ನ ಇಮೇಲ್‌ಗೆ ಕಳುಹಿಸುವಂತೆ ಕಂಪನಿಗೆ ಹೇಳಿಟ್ಟರೆ ಆ ಸಾಲುಗಳು ಪಟ್ಟಿಯಿಂದ ಹೋಗುತ್ತವೆ.